ಉರ್ದು ಮದುವೆ ಕಾರ್ಡಿನ ಫೋಟೊ: ತಾರೀಖು 7 ಇದೆಯೋ 8 ಇದೆಯೋ, ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು?

ಶಹಾಪುರದ ಶಿಕ್ಷಕಿ

ಎಲ್ಲರಿಗೂ ಶರಣು. ನಮ್ಮ ಶಾಲೆಯಲ್ಲಿ ನನ್ನ ಜೊತೆ ಹನ್ನೊಂದು ವರ್ಷ ಗಣಿತ ಕಲಿಸಿ, ಈಗ ವರ್ಗವಾಗಿ ಬೀದರಿನಲ್ಲಿರುವ ಮೇಷ್ಟ್ರ ಮಗಳ ಮದುವೆ ಇದೇ 2025ರ ಡಿಸೆಂಬರ್ ಮೊದಲ ವಾರದ ಸುಮಾರಿಗೆ ಇದೆ. ಅವರು ವಾಟ್ಸಾಪಿನಲ್ಲಿ ಕಾರ್ಡಿನ ಫೋಟೊ ಒಂದನ್ನೂ, ಕಾರ್ಡಿನೊಳಗೆ ಇಟ್ಟಿದ್ದ ಸಣ್ಣ ಚೀಟಿಯ ಫೋಟೊ ಒಂದನ್ನೂ ಕಳಿಸಿದ್ದಾರೆ. ಎರಡೂ ಪೂರ್ತಿ ಉರ್ದುವಿನಲ್ಲಿವೆ. ನನ್ನ ತಮ್ಮನ ಮಗನಿಗೆ ಉರ್ದು ಅಕ್ಷರಗಳನ್ನು ಕೂಡಿಸಿ ಓದುವಷ್ಟು ಬರುತ್ತದೆ. ಅವನು ಕೂತು ಕನ್ನಡಕ್ಕೆ ಬರೆದುಕೊಟ್ಟ, ನಾನೂ ಅದನ್ನೇ ನಂಬಿ ಸೋಮವಾರಕ್ಕೆ ರಜೆ ಚೀಟಿ ಬರೆದಿಟ್ಟೆ.

ಆದರೆ ಆ ಬರಹದಲ್ಲಿ ಮೇಷ್ಟ್ರ ಹೆಸರಿನ ಮೊದಲು ‘ದಿವಂಗತ’ ಎಂದು ಇದ್ದುದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಹಿಂದಿನ ಸಂಜೆಯಷ್ಟೇ ನಾನು ಅವರ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಅಲ್ಲಿಂದ ಮುಂದೆ ಉಳಿದ ಸಾಲುಗಳ ಮೇಲೂ ನನಗೆ ಭರವಸೆ ಉಳಿಯಲಿಲ್ಲ. ಅವನು ಬರೆದದ್ದು ಹೀಗಿದೆ: ಮದುವೆಯ ‘ಕರಾರು’ 8 ಡಿಸೆಂಬರ್ ಸೋಮವಾರ, ಸಂಜೆಯ ಪ್ರಾರ್ಥನೆಯ ನಂತರ, ಮಸೀದಿಯಲ್ಲಿ. ಊಟ ರಾತ್ರಿಯ ಪ್ರಾರ್ಥನೆಯ ನಂತರ, ಫಂಕ್ಷನ್ ಹಾಲಿನಲ್ಲಿ. ಊಟದ ನಂತರ ‘ರಜೆ’. ಹೆಂಗಸರಿಗೆ ಪರದೆ ಕಡ್ಡಾಯ. ಚೀಟಿಯಲ್ಲಿ ಶನಿವಾರ ರಾತ್ರಿ ಮನೆಯಲ್ಲಿ ‘ಮಾಂಝಾ’, ಜರಿ ಬಟ್ಟೆ ಹಾಕಿಕೊಂಡು ಬರಬೇಕು. ಕೊನೆಗೆ ಒಂದು ಮೊಬೈಲ್ ನಂಬರು ಇದೆ, ಎಣಿಸಿದರೆ ಒಂಬತ್ತೇ ಅಂಕಿ.

ಮೇಷ್ಟ್ರಿಗೆ ಫೋನು ಮಾಡಿ ಕೇಳಬಹುದು, ನಿಜ. ಆದರೆ ಮಗಳ ಮದುವೆಯ ಗಡಿಬಿಡಿಯಲ್ಲಿರುವ ಮನುಷ್ಯನನ್ನು ಪ್ರತಿ ಸಾಲಿಗೂ ಎಬ್ಬಿಸುವ ಬದಲು ಮೊದಲು ಓದಿ ತಿಳಿದುಕೊಂಡು, ಉಳಿದ ಒಂದೆರಡು ಸಂಶಯಗಳನ್ನಷ್ಟೇ ಕೇಳಬೇಕೆಂದಿದ್ದೇನೆ. ಹೆಸರು, ನಂಬರುಗಳನ್ನು ಮುಚ್ಚಿ ಎರಡೂ ಫೋಟೊ ಹಾಕಿದ್ದೇನೆ. ಬಲ್ಲವರು ದಯವಿಟ್ಟು ನೋಡಿ ಹೇಳಬೇಕು.

ಭಾಲ್ಕಿಯ ಹುಡುಗ

ಮೇಡಂ, ನಿಮ್ಮ ತಮ್ಮನ ಮಗ ತಾರೀಖನ್ನು ಸರಿಯಾಗಿಯೇ ಓದಿದ್ದಾರೆ. ಕಾರ್ಡಿನಲ್ಲಿ ವಾರದ ಹೆಸರು ‘ಯಕ್‌ಶಂಬಾ’ ಎಂದಿದೆ. ಯಕ್ ಎಂದರೆ ಒಂದು, ಎಂದರೆ ವಾರದ ಮೊದಲ ದಿನ, ಸೋಮವಾರ. 2025ರ ಡಿಸೆಂಬರ್ 8 ಸೋಮವಾರವೇ ಆಗಿದೆ, ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಅಂಕಿಯೂ ವಾರವೂ ಒಂದಕ್ಕೊಂದು ಹೊಂದಿದ ಮೇಲೆ ಸಂಶಯಕ್ಕೆ ಜಾಗವಿಲ್ಲ. ‘ದಿವಂಗತ’ದ ವಿಷಯ ಮಾತ್ರ ನನಗೂ ತಿಳಿಯಲಿಲ್ಲ, ಮುದ್ರಣದ ತಪ್ಪು ಇರಬಹುದು.

ಆಳಂದದ ಅಕ್ಕ

ನಮ್ಮ ಮನೆಗೂ ಇಂಥದೇ ಕಾರ್ಡು ಬಂದಿತ್ತು, ಆದರೆ ಅದು ಮರಾಠಿಯದು. ಅದರಲ್ಲಿ ಹುಡುಗನ ಅಜ್ಜನ ಹೆಸರಿನ ಮೊದಲು ‘ಕೈ.’ ಎಂದು ಇತ್ತು. ನಮ್ಮ ಮನೆಯವರು ಅದನ್ನು ಯಾವುದೋ ಪದವಿ ಎಂದುಕೊಂಡು, ಅಲ್ಲಿ ಹೋಗಿ ಅಜ್ಜನನ್ನು ಮಾತಾಡಿಸಬೇಕೆಂದು ಹುಡುಕಿದರು. ಕೈಲಾಸವಾಸಿ ಎಂಬುದರ ಗಿಡ್ಡ ರೂಪ ಅದು ಎಂದು ಆಮೇಲೆ ತಿಳಿದು ಬಹಳ ನೋವಾಯಿತು. ಅದೇ ಕಾರ್ಡಿನಲ್ಲಿ ಗೋರಜ ಮುಹೂರ್ತ ಎಂದಿದ್ದುದನ್ನು ಓದಿ ನಾವು ಗಡಿಯಾರದ ಹೊತ್ತು ಎಲ್ಲಿದೆ ಎಂದು ಹುಡುಕುತ್ತಿದ್ದೆವು. ದನ ಮನೆಗೆ ಮರಳುವ ಸಂಜೆಯ ಹೊತ್ತು ಅದು, ನಮ್ಮ ಗೋಧೂಳಿ. ಮೇಡಂ ಅವರೇ, ನಿಮ್ಮ ಕಾರ್ಡಿನಲ್ಲೂ ಮುಹೂರ್ತ ಎಲ್ಲಿದೆ ಎಂದು ನೋಡಿಸಿರಿ, ಅದು ತಪ್ಪಿದರೆ ಅಕ್ಷತೆಗೆ ಸಿಗುವುದಿಲ್ಲ.

ಕಲಬುರಗಿ ರೋಜಾದ ಕಾತಿಬ್

ಮೇಡಂ ಅವರಿಗೆ ನಮಸ್ಕಾರ. ನಾನು ಇಪ್ಪತ್ತು ವರ್ಷ ಕಲಬುರಗಿಯಲ್ಲಿ ಉರ್ದು ಮದುವೆ ಕಾರ್ಡುಗಳನ್ನು ಮೊದಲು ಕೈಯಿಂದ, ಆಮೇಲೆ ಕಂಪ್ಯೂಟರಿನಲ್ಲಿ ಬರೆದವನು. ನಿಮ್ಮ ಫೋಟೊಗಳನ್ನು ಸಾವಕಾಶವಾಗಿ ನೋಡಿದ್ದೇನೆ. ಮೊದಲು ನಿಮ್ಮ ಎದೆಯ ಭಾರ ಇಳಿಸುತ್ತೇನೆ. ನಿಮ್ಮ ಮೇಷ್ಟ್ರು ಚೆನ್ನಾಗಿದ್ದಾರೆ, ಕಾರ್ಡಿನಲ್ಲೂ ತಪ್ಪಿಲ್ಲ.

ಆಳಂದದ ಅಕ್ಕನವರು ಹೇಳಿದ ‘ಕೈ.’ ಮತ್ತು ನಮ್ಮ ಕನ್ನಡದ ‘ದಿ.’ ಹೆಸರಿಗೆ ಮೊದಲು ಬರುತ್ತವೆ. ಉರ್ದುವಿನ ‘ಮರ್ಹೂಮ್’ ಹೆಸರು ಮುಗಿದ ಮೇಲೆ ಬರುತ್ತದೆ. ನಿಮ್ಮ ಕಾರ್ಡಿನಲ್ಲಿ ಒಂದು ಸಾಲು ‘ಪೋತಿ ಜನಾಬ್’ ಎಂದು ಶುರುವಾಗಿ ಅಜ್ಜನ ಹೆಸರು ಬಂದು ‘ಮರ್ಹೂಮ್’ ಎಂದು ಮುಗಿಯುತ್ತದೆ. ಅದರ ಕೆಳಗಿನ ಸಾಲು ‘ದುಖ್ತರ್ ಜನಾಬ್’ ಎಂದು ಶುರುವಾಗಿ ನಿಮ್ಮ ಮೇಷ್ಟ್ರ ಹೆಸರು ಹೇಳುತ್ತದೆ. ಎಂದರೆ ಹುಡುಗಿಯು ತೀರಿಕೊಂಡ ಅಜ್ಜನ ಮೊಮ್ಮಗಳು, ಬದುಕಿರುವ ಮೇಷ್ಟ್ರ ಮಗಳು. ಜಾಗ ಸಾಲದೆ ಮರ್ಹೂಮ್ ಎಂಬ ಶಬ್ದವನ್ನು ಸಾಲಿನ ತುದಿಯಲ್ಲಿ ಮೇಲಕ್ಕೆ ಏರಿಸಿ ಬರೆದಿದ್ದಾರೆ. ಅದನ್ನು ನಿಮ್ಮ ಹುಡುಗ ಕನ್ನಡದ ರೂಢಿಯಂತೆ ಮುಂದಿನ ಹೆಸರಿಗೆ ಅಂಟಿಸಿದ್ದಾನೆ. ಉರ್ದು ಕಾರ್ಡಿನ ಅನುವಾದದಲ್ಲಿ ನಾನು ಕಂಡಿರುವ ಅತಿ ಕೆಟ್ಟ ತಪ್ಪು ಇದೇ, ಏಕೆಂದರೆ ಮನೆಯವರ ಕೈಗೆ ಆ ಬರಹ ಹೋದರೆ ಬಹಳ ನೊಂದುಕೊಳ್ಳುತ್ತಾರೆ. ಹುಡುಗಿಯ ಹೆಸರಿನ ನಂತರ ‘ಸಲ್ಲಮಹಾ’ ಎಂದಿರುವುದನ್ನು ಅವನು ಅಡ್ಡಹೆಸರು ಎಂದು ಬರೆದಿದ್ದರೆ ಅದನ್ನೂ ತೆಗೆಯಿರಿ. ಕ್ಷೇಮವಾಗಿರಲಿ ಎಂಬ ಹಾರೈಕೆ ಅದು, ನಮ್ಮ ‘ಚಿ. ಸೌ.’ ಇದ್ದ ಹಾಗೆ.

ಈಗ ತಾರೀಖು. ಭಾಲ್ಕಿಯ ತಮ್ಮನವರು ಅಂಕಿಗೂ ವಾರಕ್ಕೂ ತಾಳೆ ನೋಡಿದ್ದು ಒಳ್ಳೆಯ ಪದ್ಧತಿ, ನಾವು ಅಚ್ಚಿಗೆ ಹಾಕುವ ಮೊದಲು ಹಾಗೆಯೇ ನೋಡುತ್ತಿದ್ದೆವು. ಆದರೆ ಇಲ್ಲಿ ಎರಡು ತಪ್ಪುಗಳು ಒಂದಕ್ಕೊಂದು ಸಾಕ್ಷಿ ಹೇಳಿವೆ. ಶಂಬಾ ಎಂದರೆ ಶನಿವಾರ, ಎಣಿಕೆ ಅದರ ಮರುದಿನದಿಂದ ಶುರುವಾಗುತ್ತದೆ. ಯಕ್‌ಶಂಬಾ ಭಾನುವಾರ, ದೋಶಂಬಾ ಸೋಮವಾರ, ಚಹಾರ್‌ಶಂಬಾ ಬುಧವಾರ. ಆದ್ದರಿಂದ ಕಾರ್ಡು ಹೇಳುವುದು ಭಾನುವಾರವನ್ನು, ಭಾನುವಾರದ ತಾರೀಖು 7.

ಅಂಕಿಯನ್ನೂ ನೋಡಿರಿ. ಉರ್ದುವಿನ 7 ಬಾಯಿ ಮೇಲಕ್ಕೆ ತೆರೆದ ಚಿಮಟದಂತೆ, 8 ಅದನ್ನೇ ಬೋರಲು ಹಾಕಿದಂತೆ ಇರುತ್ತದೆ. ತಾರೀಖಿನ ತುಣುಕನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ, ಫೋನು ತಲೆಕೆಳಗಾಗಿದ್ದರೆ 7 ಎಂಬುದು 8 ಆಗಿಬಿಡುತ್ತದೆ. ಅಕ್ಷರದ ಗುರುತಿಲ್ಲದವರಿಗೆ ತುಣುಕು ತಲೆಕೆಳಗಾದದ್ದು ಗೊತ್ತಾಗುವುದೂ ಇಲ್ಲ. ನನ್ನ ಮಾತನ್ನು ನಂಬಬೇಕಾಗಿಲ್ಲ, ನಿಮ್ಮ ಕಾರ್ಡಿನ ನೆತ್ತಿಯ ಮೇಲೆಯೇ ಪುರಾವೆ ಇದೆ. ಬಿಸ್ಮಿಲ್ಲಾದ ಬದಲಿಗೆ ಬರೆಯುವ 786 ಅಲ್ಲಿ ಉರ್ದು ಅಂಕಿಗಳಲ್ಲಿದೆ. ಉರ್ದು ಬರಹ ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ಎಡದಿಂದಲೇ ಓದಬೇಕು. ಎಡಗಡೆಯ ಮೊದಲ ಅಂಕಿ 7, ನಡುವಿನದು 8. ಕಾರ್ಡನ್ನು ನೇರವಾಗಿ ಹಿಡಿದು, ತಾರೀಖಿನ ಅಂಕಿ ಇವೆರಡರಲ್ಲಿ ಯಾವುದರ ಹಾಗಿದೆ ಎಂದು ನೀವೇ ನೋಡಿರಿ.

ಶಹಾಪುರದ ಶಿಕ್ಷಕಿ

ಕಾತಿಬ್ ಸಾಹೇಬರೇ, ನಿಮಗೆ ಎಷ್ಟು ನೆನೆದರೂ ಕಡಿಮೆ. ನೋಡಿದೆ. ತಾರೀಖಿನ ಅಂಕಿ ಮೇಲಿನ ಮೊದಲ ಅಂಕಿಯ ಹಾಗೆಯೇ ಬಾಯಿ ಮೇಲಕ್ಕೆ ಮಾಡಿಕೊಂಡಿದೆ. 7 ಎಂದೇ ಆಯಿತು. ನಾನು ಸೋಮವಾರ ಬೀದರಿಗೆ ಹೋಗಿದ್ದರೆ ಖಾಲಿ ಹಾಲಿನ ಮುಂದೆ ನಿಂತಿರುತ್ತಿದ್ದೆ. ನನ್ನ ಮುಂದಿನ ಚಿಂತೆ ಹೊತ್ತಿನದು. ಮಸೀದಿಯ ಕಾರ್ಯಕ್ರಮಕ್ಕೆ ನಾನು ಹೋಗಬಹುದೇ? ಪರದೆ ಕಡ್ಡಾಯ ಎಂದಿರುವುದರಿಂದ ಬುರ್ಖಾ ಹೊಲಿಸಿಕೊಳ್ಳಬೇಕೇ? ನಾನು ಸೀರೆ ಉಡುವವಳು, ಆದರೆ ಅವರ ಮನೆಯ ಪದ್ಧತಿಗೆ ಅಗೌರವ ಮಾಡಲು ನನಗೆ ಇಷ್ಟವಿಲ್ಲ.

ಬೀದರಿನ ಬಾಜಿ

ಟೀಚರ್ ಅಮ್ಮನವರೇ, ನೀವು ಸೀರೆಯಲ್ಲಿಯೇ ಬರಬೇಕು. ಕಾರ್ಡಿನ ಸಾಲನ್ನು ನಾನೂ ಓದಿದೆ. ‘ಖವಾತೀನ್ ಕೆ ಲಿಯೇ ಪರ್ದೇ ಕಾ ಮಾಖೂಲ್ ಇಂತೆಜಾಮ್ ರಹೇಗಾ’ ಎಂದಿದೆ. ಇಂತೆಜಾಮ್ ಎಂದರೆ ಏರ್ಪಾಡು. ಹೆಂಗಸರಿಗೆ ಕೂಡಲು, ಊಟ ಮಾಡಲು ಹಾಲಿನಲ್ಲಿ ಬೇರೆಯೇ ಜಾಗ ಮಾಡಿದ್ದೇವೆ ಎಂದು ಮನೆಯವರು ತಮ್ಮ ಹೊಣೆಯನ್ನು ಹೇಳುತ್ತಿದ್ದಾರೆ, ಬಂದವರ ಮೇಲೆ ನಿಯಮ ಹೇರುತ್ತಿಲ್ಲ. ನಮ್ಮ ಮದುವೆಗಳಲ್ಲಿ ಹೆಂಗಸರ ಕಡೆಯ ಹಾಲಿನಲ್ಲಿ ರೇಷ್ಮೆ ಸೀರೆಗಳೇನು ಕಡಿಮೆ ಇರುವುದಿಲ್ಲ. ನೀವು ಯಜಮಾನರ ಜೊತೆ ಬಂದರೆ ಅವರು ಗಂಡಸರ ಬಾಗಿಲಿನಿಂದ ಹೋಗುತ್ತಾರೆ, ನೀವು ಜನಾನಾ ಎಂದು ಬರೆದಿರುವ ಬಾಗಿಲಿನಿಂದ ಬರುತ್ತೀರಿ. ಆದ್ದರಿಂದ ಕಾರಿನ ಚಾವಿ, ವಾಪಸು ಹೊರಡುವ ಹೊತ್ತು ಮೊದಲೇ ಮಾತಾಡಿಕೊಂಡಿರಿ, ಒಳಗೆ ಹೋದ ಮೇಲೆ ಒಬ್ಬರಿಗೊಬ್ಬರು ಸಿಗುವುದು ತಡವಾಗುತ್ತದೆ.

ಹೊತ್ತಿನ ವಿಷಯ. ಆಳಂದದ ಅಕ್ಕನವರು ಹೇಳಿದಂಥ ಮುಹೂರ್ತ ನಮ್ಮಲ್ಲಿ ಇಲ್ಲ, ನಮಾಜಿನ ಲೆಕ್ಕ ಇದೆ. ‘ಬಾದ್ ನಮಾಜ್-ಎ-ಅಸರ್’ ಎಂದು ನಿಖಾಹಿಗೆ ಬರೆದಿದ್ದಾರೆ. ನಿಮ್ಮ ಹುಡುಗ ಸಂಜೆಯ ಪ್ರಾರ್ಥನೆ ಎಂದು ಬರೆದದ್ದರಿಂದ ನೀವು ದೀಪ ಹಚ್ಚುವ ಹೊತ್ತು ಎಂದುಕೊಳ್ಳಬಹುದು. ಆ ಹೊತ್ತಿನದು ಮಗ್ರಿಬ್. ಅಸರ್ ಅದಕ್ಕೂ ಮೊದಲು, ಬಿಸಿಲು ಇಳಿಯುವಾಗ. ಡಿಸೆಂಬರಿನಲ್ಲಿ ಬೀದರಿನಲ್ಲಿ ಐದೂಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಅಸರ್ ಮುಗಿಸಿ ನಿಖಾಹ್ ಐದರ ಆಚೀಚೆ ನಡೆದು ಮಗ್ರಿಬಿನೊಳಗೆ ಮುಗಿಯುತ್ತದೆ. ಸಾಮೂಹಿಕ ನಮಾಜಿನ ಹೊತ್ತನ್ನು ಆಯಾ ಮಸೀದಿಯವರು ತಾವೇ ಗೊತ್ತು ಮಾಡುವುದರಿಂದ ಹತ್ತು ಹದಿನೈದು ನಿಮಿಷ ಹೆಚ್ಚುಕಡಿಮೆ ಇರುತ್ತದೆ. ಊಟ ಇಶಾದ ನಂತರ, ಎಂದರೆ ಎಂಟೂವರೆಯ ಮೇಲೆಯೇ ಎಂದು ತಿಳಿಯಿರಿ.

ಮಸೀದಿಯ ನಿಖಾಹಿಗೆ ನಮ್ಮ ಕಡೆ ಸಾಮಾನ್ಯವಾಗಿ ಗಂಡಸರು ಹೋಗುತ್ತಾರೆ. ಹುಡುಗಿ ಅಲ್ಲಿ ಕೂತಿರುವುದಿಲ್ಲ. ಹುಡುಗಿಯ ಪರವಾಗಿ ವಕೀಲರೊಬ್ಬರು ಇಬ್ಬರು ಸಾಕ್ಷಿಗಳ ಜೊತೆ ಬಂದು ಅವಳ ಒಪ್ಪಿಗೆ ಕೇಳಿಕೊಂಡು ಹೋಗುತ್ತಾರೆ. ಇಲ್ಲಿ ವಕೀಲರು ಎಂದರೆ ಕೋರ್ಟಿನವರಲ್ಲ, ಮನೆಯ ಹಿರಿಯರು. ನಿಮ್ಮ ಯಜಮಾನರು ಐದಕ್ಕೆ ಮಸೀದಿಗೆ ಹೋಗಲಿ, ನೀವು ಆರೂವರೆ ಏಳಕ್ಕೆ ನೇರವಾಗಿ ಹಾಲಿಗೆ ಬನ್ನಿರಿ. ಹುಡುಗಿಯನ್ನು ಕಂಡು ಹರಸಲು ಅದೇ ಒಳ್ಳೆಯ ಹೊತ್ತು. ‘ಅಖ್ದ್’ ಎಂಬುದನ್ನು ಕರಾರು ಎಂದು ಬರೆದದ್ದು ಶಬ್ದಕ್ಕೆ ಸರಿ, ಆದರೆ ಕಾರ್ಡಿನಲ್ಲಿ ಅದು ನಿಖಾಹೇ. ‘ರುಖ್ಸತಿ’ ರಜೆಯಲ್ಲ, ಹುಡುಗಿಯನ್ನು ಗಂಡನ ಮನೆಗೆ ಕಳಿಸಿಕೊಡುವುದು. ಆ ಹೊತ್ತಿನಲ್ಲಿ ಮನೆಯ ಹೆಂಗಸರೆಲ್ಲ ಕಣ್ಣೀರಿನಲ್ಲಿರುತ್ತಾರೆ. ದೂರದಿಂದ ಬಂದವರು ಅದಕ್ಕೂ ಮೊದಲೇ ಹೇಳಿ ಹೊರಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ಭಾಲ್ಕಿಯ ಹುಡುಗ

ಕಾತಿಬ್ ಸಾಹೇಬರೇ, ವಾರದ ಎಣಿಕೆಯನ್ನು ನಾನು ತಪ್ಪಾಗಿ ಹೇಳಿದೆ, ಮೇಡಂ ಅವರ ಕ್ಷಮೆ ಕೇಳುತ್ತೇನೆ. ಹಾಗಾದರೆ ಚೀಟಿಯ ವಿಷಯವನ್ನೂ ನೋಡಬೇಕು. ಚೀಟಿಯಲ್ಲಿ ‘5 ಡಿಸೆಂಬರ್, ಶಬ್-ಎ-ಶಂಬಾ’ ಎಂದು ನನಗೆ ಕಾಣುತ್ತದೆ. ಶಂಬಾ ಶನಿವಾರ ಎಂದು ನೀವೇ ಹೇಳಿದ್ದೀರಿ, ಆದರೆ 5 ಶುಕ್ರವಾರ. ಇಲ್ಲಿಯಾದರೂ ಅಚ್ಚಿನ ತಪ್ಪು ಇರಲೇಬೇಕಲ್ಲವೇ? ಇನ್ನೊಂದು ಮಾತು, ನಿಜವಾದ ದೊಡ್ಡ ಊಟ ವಲೀಮಾದಲ್ಲಿ ಇರುತ್ತದೆ, ಮೇಡಂ ಅವರು ಅದಕ್ಕೆ ಹೋದರೂ ನಡೆಯುತ್ತದೆ.

ಕಲಬುರಗಿ ರೋಜಾದ ಕಾತಿಬ್

ತಮ್ಮನವರೇ, ಕ್ಷಮೆಯ ಮಾತು ಬೇಡ, ನೀವು ಕೇಳಿದ ಪ್ರಶ್ನೆ ಬಹಳ ಮುಖ್ಯವಾದದ್ದು. ನಮ್ಮ ಕಡೆ ಗುರುವಾರಕ್ಕೆ ಎಲ್ಲರೂ ಜುಮೇರಾತ್ ಎನ್ನುತ್ತಾರೆ. ಆ ಶಬ್ದದ ಒಳಗೆ ಏನಿದೆ ನೋಡಿರಿ. ಜುಮಾ ಎಂದರೆ ಶುಕ್ರವಾರ, ರಾತ್ ಎಂದರೆ ರಾತ್ರಿ. ಶುಕ್ರವಾರದ ರಾತ್ರಿ ಎನ್ನುತ್ತಲೇ ಗುರುವಾರವನ್ನು ಹೇಳುತ್ತೇವೆ, ಏಕೆಂದರೆ ಇಸ್ಲಾಮಿ ಲೆಕ್ಕದಲ್ಲಿ ಸೂರ್ಯ ಮುಳುಗಿದ ಕೂಡಲೇ ಮರುದಿನ ಶುರುವಾಗುತ್ತದೆ, ರಾತ್ರಿ ಮೊದಲು, ಹಗಲು ಆಮೇಲೆ. ರಮಜಾನ್ ಚಂದ್ರ ಕಂಡ ರಾತ್ರಿಯೇ ತರಾವೀಹ್ ಎಂಬ ರಾತ್ರಿಯ ನಮಾಜು ಶುರುವಾಗಿ, ಮರುದಿನ ಮೊದಲ ಉಪವಾಸ ಇರುವುದೂ ಇದೇ ಲೆಕ್ಕದಿಂದ. ಅದೇ ರೀತಿ ಶಬ್-ಎ-ಶಂಬಾ ಎಂದರೆ ಶನಿವಾರಕ್ಕೆ ಮುಂಚಿನ ರಾತ್ರಿ, ನಮ್ಮ ಮಾತಿನಲ್ಲಿ ಶುಕ್ರವಾರ ರಾತ್ರಿ. 5ನೇ ತಾರೀಖಿಗೆ ಅದು ಸರಿಯಾಗಿ ಹೊಂದುತ್ತದೆ. ಅಚ್ಚಿನ ತಪ್ಪಿಲ್ಲ.

ವಲೀಮಾ ಹುಡುಗನ ಮನೆಯವರು ಕೊಡುವ ಊಟ. ಈ ಕಾರ್ಡು ಹುಡುಗಿಯ ಮನೆಯದು, ಇದರಲ್ಲಿ ವಲೀಮಾದ ಮಾತೇ ಇಲ್ಲ. ಹುಡುಗನ ಕಡೆಯಿಂದ ಬೇರೆ ಕರೆ ಬಂದರೆ ಮಾತ್ರ ಅದಕ್ಕೆ ಹೋಗಬೇಕು.

ಬೀದರಿನ ಬಾಜಿ

ಸಾಹೇಬರ ಲೆಕ್ಕ ಕಿತಾಬಿನ ಪ್ರಕಾರ ಸರಿ. ಆದರೆ ಈಗಿನ ಕಾರ್ಡುಗಳಲ್ಲಿ ಶಬ್ ಎಂದು ಬರೆದು ಅದೇ ದಿನದ ರಾತ್ರಿ ಎಂಬ ಅರ್ಥದಲ್ಲಿ ಬಳಸುವವರನ್ನೂ ನಾನು ನೋಡಿದ್ದೇನೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇದರಿಂದಲೇ ಅರ್ಧ ಬೀಗರು ಒಂದು ದಿನ ಮೊದಲು ಬಂದಿದ್ದರು. ಇಲ್ಲಿ ತಾರೀಖು ಜೊತೆಗಿರುವುದರಿಂದ ಶುಕ್ರವಾರವೇ ಇರಬೇಕು, ಆದರೂ ಟೀಚರ್ ಅಮ್ಮನವರು ಫೋನಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇದು.

ಬಟ್ಟೆಯ ವಿಷಯದಲ್ಲಿ ಮಾತ್ರ ತಡೆಯಲೇಬೇಕು. ಚೀಟಿಯಲ್ಲಿ ಇರುವುದು ‘ಜರಿ’ ಅಲ್ಲ, ‘ಜರ್ದ್’, ಎಂದರೆ ಹಳದಿ ಬಣ್ಣ. ಎರಡೂ ಶಬ್ದಗಳಲ್ಲಿ ಮೊದಲ ಎರಡು ಅಕ್ಷರ ಒಂದೇ, ಕೊನೆಯ ಅಕ್ಷರ ಮಾತ್ರ ಬೇರೆ, ಮತ್ತು ಫೋಟೊದಲ್ಲಿ ಅಲ್ಲಿಯೇ ಬೆರಳಿನ ನೆರಳು ಬಿದ್ದಿದೆ. ಮಾಂಝಾ ಎಂದರೆ ಹುಡುಗಿಗೆ ಅರಿಶಿನ ಹಚ್ಚುವ ಶಾಸ್ತ್ರ. ಹುಡುಗಿಗೆ ಹಚ್ಚಿದ ಮೇಲೆ ಹೆಂಗಸರು ಒಬ್ಬರಿಗೊಬ್ಬರು ಬಳಿಯುತ್ತಾರೆ, ಬಂದವರನ್ನೂ ಬಿಡುವುದಿಲ್ಲ. ಜರಿ ಸೀರೆ ಉಟ್ಟು ಬಂದರೆ ಅದು ಮತ್ತೆ ಉಡುವ ಹಾಗೆ ಉಳಿಯುವುದಿಲ್ಲ. ಒಗೆಯಲು ಬರುವ ಹಳದಿ ಹತ್ತಿಯ ಸೀರೆ ಉಟ್ಟುಕೊಂಡು ಬನ್ನಿರಿ, ಜರಿಯದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿರಿ.

ಸೇಡಂನ ಅಂಗಡಿಯವರು

ನಮ್ಮ ಅಂಗಡಿಯ ಪೂಜೆಯ ಕಾರ್ಡನ್ನು ಉರ್ದುವಿನಲ್ಲಿಯೂ ಮಾಡಿಸಬೇಕಿದೆ. ಕನ್ನಡದಿಂದ ಉರ್ದುವಿಗೆ ಅನುವಾದಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕಾತಿಬ್ ಸಾಹೇಬರು ತಿಳಿಸಬೇಕು.

ಕಲಬುರಗಿ ರೋಜಾದ ಕಾತಿಬ್

ಅಂಗಡಿಯವರೇ, ಅದನ್ನು ಬೇರೆಯಾಗಿ ಮಾತಾಡೋಣ, ಇಲ್ಲಿ ಮೇಡಂ ಅವರ ಕೆಲಸ ಮುಗಿಯಲಿ.

ಮೇಡಂ, ನಂಬರಿನ ವಿಷಯ ಉಳಿದಿದೆ. ಉರ್ದುವಿನ ಸೊನ್ನೆ ಒಂದು ಚುಕ್ಕೆ ಅಷ್ಟೇ. ನಿಮ್ಮ ಕಾರ್ಡಿನ ಅಕ್ಷರಗಳು ಬಂಗಾರದ ಹೊಳಪಿನವು, ಫೋಟೊ ತೆಗೆದವರು ಫ್ಲ್ಯಾಶ್ ಹಾಕಿದ್ದರಿಂದ ಕೆಳಗಿನ ಮೂಲೆ ಬೆಳ್ಳಗಾಗಿದೆ. ಅಲ್ಲೊಂದು ಸೊನ್ನೆ ಕಳೆದುಹೋಗಿದೆ ಎಂದು ನನ್ನ ಅಂದಾಜು, ಏಕೆಂದರೆ ಮೊಬೈಲ್ ನಂಬರಿಗೆ ಹತ್ತು ಅಂಕಿ ಬೇಕು. ಯಾವ ಜಾಗದಲ್ಲಿ ಎಂದು ಊಹಿಸಿ ಡಯಲ್ ಮಾಡಬೇಡಿರಿ. ಮೇಷ್ಟ್ರ ನಂಬರು ನಿಮ್ಮಲ್ಲಿದೆ, ಕಾರ್ಡನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಫ್ಲ್ಯಾಶ್ ಇಲ್ಲದೆ ಕಿಟಕಿಯ ಬೆಳಕಿನಲ್ಲಿ ಮತ್ತೊಮ್ಮೆ ತೆಗೆದು, ಎರಡೂ ಬದಿ ಕಳಿಸಲು ಹೇಳಿರಿ. ನಾವು ಬರೆಯುತ್ತಿದ್ದ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಹಿಂಬದಿಯಲ್ಲಿ ಇಂಗ್ಲಿಷ್ ಇರುತ್ತಿತ್ತು.

ನಿಮ್ಮ ಹುಡುಗ ಬಿಟ್ಟುಬಿಟ್ಟಿರುವ ಒಂದು ಸಾಲು ಇದೆ. ಮೇಲೆ ನಿಮ್ಮ ಹೆಸರಿನ ಪಕ್ಕ ಪೆನ್ನಿನಿಂದ ‘ಮಅ ಮುತಅಲ್ಲಿಖೀನ್’ ಎಂದು ಬರೆದಿದ್ದಾರೆ. ಮನೆಮಂದಿಯೊಂದಿಗೆ ಬನ್ನಿ ಎಂದರ್ಥ. ಆದ್ದರಿಂದ ‘ಬರಾಏ ರಾಬ್ತಾ’ ಎಂದಿರುವ ಆ ನಂಬರಿಗೆ ಉತ್ತರ ಕೊಡುವಾಗ ಎಷ್ಟು ಜನ ಎಂದಷ್ಟೇ ಹೇಳದೆ, ಹೆಂಗಸರು ಇಷ್ಟು, ಗಂಡಸರು ಇಷ್ಟು ಎಂದು ಬೇರೆ ಬೇರೆ ಹೇಳಿದರೆ ಅವರಿಗೆ ಎರಡೂ ಕಡೆಯ ಊಟದ ಲೆಕ್ಕ ಸರಿಹೋಗುತ್ತದೆ. ಅದರ ಮೇಲಿನ ‘ಚಶ್ಮ್ ಬರಾಹ್’ ಎಂಬುದರ ಕೆಳಗಿನ ಹೆಸರುಗಳು ನಿಮ್ಮ ದಾರಿ ಕಾಯುವ ಮನೆಯವರದು, ಉತ್ತರವನ್ನು ಅವರೆಲ್ಲರಿಗೂ ಕೊಡಬೇಕಾಗಿಲ್ಲ.

ಶಹಾಪುರದ ಶಿಕ್ಷಕಿ

ನಿನ್ನೆ ರಾತ್ರಿ ಮೇಷ್ಟ್ರ ಮನೆಯವರ ಜೊತೆ ಮಾತಾಡಿದೆ. ಮಾಂಝಾ 5ನೇ ತಾರೀಖು ಶುಕ್ರವಾರ ರಾತ್ರಿಯೇ ಇದೆ. ಶಬ್ ಎಂದು ಬರೆಸಿದವರು ಅವರ ಅತ್ತೆಯವರಂತೆ, ಅವರಿಗೆ ಹಳೆಯ ಲೆಕ್ಕವೇ ರೂಢಿ. ಹೊಸ ಫೋಟೊದಲ್ಲಿ ಹಿಂಬದಿಯೂ ಬಂದಿತು, ಆದರೆ ಅಲ್ಲಿ ಬರೀ ಹಾಲಿಗೆ ಹೋಗುವ ದಾರಿಯ ನಕ್ಷೆ ಇದೆ, ಇಂಗ್ಲಿಷ್ ಇಲ್ಲ. ನಂಬರಿನಲ್ಲಿ ಸೊನ್ನೆ ಕೊನೆಯಿಂದ ಮೂರನೆಯ ಜಾಗದಲ್ಲಿತ್ತು.

ತಿದ್ದಿದ ಬರಹವನ್ನು ನಮ್ಮ ಶಾಲೆಯ ಉಳಿದ ಶಿಕ್ಷಕರಿಗೆ ಹೀಗೆ ಕಳಿಸಿದ್ದೇನೆ, ತಪ್ಪಿದ್ದರೆ ಹೇಳಿರಿ: ‘ದಿವಂಗತರಾದ ಅಜ್ಜನವರ ಮೊಮ್ಮಗಳೂ ನಮ್ಮ ಗಣಿತದ ಮೇಷ್ಟ್ರ ಮಗಳೂ ಆದ ಚಿ. ಸೌ. ಅವರ ನಿಖಾಹ್ 7 ಡಿಸೆಂಬರ್ 2025, ಭಾನುವಾರ, ಅಸರ್ ನಮಾಜಿನ ನಂತರ ಸುಮಾರು ಐದು ಗಂಟೆಗೆ ಮಸೀದಿಯಲ್ಲಿ. ಊಟ ಅದೇ ರಾತ್ರಿ ಇಶಾ ನಮಾಜಿನ ನಂತರ ಸುಮಾರು ಎಂಟೂವರೆಗೆ ಫಂಕ್ಷನ್ ಹಾಲಿನಲ್ಲಿ, ಹೆಂಗಸರಿಗೆ ಬೇರೆ ಆಸನದ ಏರ್ಪಾಡು ಇದೆ. ಊಟದ ನಂತರ ಹುಡುಗಿಯನ್ನು ಕಳಿಸಿಕೊಡುವುದು. ಮನೆಮಂದಿಯೊಂದಿಗೆ ಬರಬೇಕು.’ ಚೀಟಿ ನನಗೊಬ್ಬಳಿಗೇ ಬಂದದ್ದರಿಂದ ಮಾಂಝಾದ ಸಾಲನ್ನು ಇದರಲ್ಲಿ ಸೇರಿಸಿಲ್ಲ.

ಕಲಬುರಗಿ ರೋಜಾದ ಕಾತಿಬ್

ತಪ್ಪಿಲ್ಲ. ‘ಸುಮಾರು’ ಎಂಬ ಮಾತನ್ನು ಎರಡೂ ಕಡೆ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಆ ಮಸೀದಿಯ ಅಸರ್ ಜಮಾತಿನ ಹೊತ್ತನ್ನು ಬಾಜಿಯವರು ಕೇಳಿ ತಿಳಿಸಿದರೆ ಗಂಡಸರು ಕಾಯುವುದು ತಪ್ಪುತ್ತದೆ.

ಬೀದರಿನ ಬಾಜಿ

ಮಸೀದಿಯ ಹೆಸರನ್ನು ನನಗೆ ಖಾಸಗಿಯಾಗಿ ಕಳಿಸಿರಿ ಟೀಚರ್ ಅಮ್ಮನವರೇ. ನಮ್ಮ ತಮ್ಮ ನಾಳೆ ಆ ಕಡೆ ಹೋಗುವವನಿದ್ದಾನೆ, ಬಾಗಿಲಿನ ಪಕ್ಕದ ಹಲಗೆ ನೋಡಿಕೊಂಡು ಬರುತ್ತಾನೆ.